ಹೊರಡುವ ಹೊತ್ತಿಗೆ ಸರಿಯಾಗಿ ಎಚ್ಚರಿಸುವ ಕ್ಯಾಲೆಂಡರ್: ಒಂದೇ ಅಪಾಯಿಂಟ್‌ಮೆಂಟ್‌ಗೆ ಹಲವು ಅಲರ್ಟ್ ಇಡುವ ಕ್ರಮ

ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸದಾಗಿ ಒಂದು ಕಾರ್ಯಕ್ರಮ ಸೇರಿಸಿದರೆ, ನೀವು ಏನನ್ನೂ ಬದಲಿಸದಿದ್ದರೆ, 30 ನಿಮಿಷ ಮೊದಲು ಒಂದು ನೋಟಿಫಿಕೇಶನ್ ಬರುತ್ತದೆ. ಕೂತಲ್ಲೇ ಸೇರುವ ವಿಡಿಯೋ ಮೀಟಿಂಗಿಗೆ ಅಷ್ಟು ಸಾಕು, ಕೆಲವೊಮ್ಮೆ ಹೆಚ್ಚೇ ಆಯಿತು. ಆದರೆ ಮುಕ್ಕಾಲು ಗಂಟೆ ದೂರದ ಆಸ್ಪತ್ರೆಗೆ ಹೋಗಬೇಕಾದವರಿಗೆ ಆ ಅರ್ಧ ಗಂಟೆಯ ಸೂಚನೆ ಬರುವ ಹೊತ್ತಿಗೆ ತಡವಾಗಿಯೇ ಬಿಟ್ಟಿರುತ್ತದೆ. ಕ್ಯಾಲೆಂಡರ್ ತನ್ನ ಕೆಲಸ ಮಾಡಿದೆ. ನಾವು ಅದಕ್ಕೆ ಕೊಟ್ಟ ಲೆಕ್ಕ ಮಾತ್ರ ತಪ್ಪು. ಶುರುವಾಗುವ ಸಮಯ ಹೇಳಿದ್ದೇವೆ, ಹೊರಡುವ ಸಮಯ ಹೇಳಿಲ್ಲ.

ಇದನ್ನು ಸರಿಪಡಿಸಲು ಎರಡು ಸಾಧನಗಳಿವೆ. ಒಂದು, ಒಂದೇ ಕಾರ್ಯಕ್ರಮಕ್ಕೆ ಬೇರೆ ಬೇರೆ ಹೊತ್ತಿನ ಹಲವು ಅಲರ್ಟ್‌ಗಳು. ಇನ್ನೊಂದು, ಆ ಕ್ಷಣದ ಟ್ರಾಫಿಕ್ ನೋಡಿ ‘ಈಗ ಹೊರಡಿ’ ಎನ್ನುವ ಸೂಚನೆ. ಎರಡನೆಯದು ಚುರುಕು, ಆದರೆ ಅದನ್ನೊಂದನ್ನೇ ನಂಬಿ ಕೂರಬಾರದು. ಏಕೆಂದರೆ ಅದು ರಸ್ತೆಯ ಮೇಲಿನ ಸಮಯವನ್ನಷ್ಟೇ ಲೆಕ್ಕ ಹಾಕುತ್ತದೆ. ಪಾರ್ಕಿಂಗ್ ಹುಡುಕುವುದು, ಲಿಫ್ಟಿಗೆ ಕಾಯುವುದು, ಕೌಂಟರ್‌ನಲ್ಲಿ ಹೆಸರು ಬರೆಸುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಸ್ಥಿರ ಅಲರ್ಟ್‌ಗಳನ್ನು ಮೊದಲು ಸರಿಯಾಗಿ ಇಟ್ಟು, ಟ್ರಾಫಿಕ್ ನೋಡುವ ಸೂಚನೆಯನ್ನು ಅವುಗಳ ಮೇಲೆ ಕೂರಿಸುವುದು ಕ್ಷೇಮ.

ಮೊದಲು ಹಿಂದಕ್ಕೆ ಎಣಿಸಿ

ಫೋನ್ ಕೈಗೆತ್ತಿಕೊಳ್ಳುವ ಮೊದಲು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿಕೊಳ್ಳಿ. ಉದಾಹರಣೆಗೆ, ಮಂಗಳವಾರ ಬೆಳಿಗ್ಗೆ 11:00ಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ, ಹಳೆಯ ರಿಪೋರ್ಟ್‌ಗಳನ್ನೂ ತರಬೇಕು.

ನೋಂದಣಿಗೆ 15 ನಿಮಿಷ ಮೊದಲೇ ಇರಬೇಕು, ಅಂದರೆ 10:45. ಗಾಡಿ ನಿಲ್ಲಿಸಿ ಕೌಂಟರ್‌ವರೆಗೆ ನಡೆಯಲು 10 ನಿಮಿಷ ಹಿಡಿದರೆ ಪಾರ್ಕಿಂಗ್ ತಲುಪಬೇಕಾದದ್ದು 10:35ಕ್ಕೆ. ಇನ್ನು ದಾರಿಯ ಸಮಯ. ಇದನ್ನು ಅಂದಾಜಿನಲ್ಲಿ ಬರೆಯಬೇಡಿ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ದಾರಿ ಕೇಳಿದಾಗ, ಮೇಲ್ಗಡೆ Leave now ಎಂದಿರುವ ಪಟ್ಟಿ ಕಾಣುತ್ತದೆ. ಅದನ್ನು ಒತ್ತಿ Arrive by ಆರಿಸಿ, ಹೋಗಬೇಕಾದ ಮಂಗಳವಾರದ ದಿನಾಂಕ ಮತ್ತು 10:35 ಕೊಡಿ. ಭಾನುವಾರ ರಾತ್ರಿ ಕೂತು ಆ ಹೊತ್ತಿನ ಖಾಲಿ ರಸ್ತೆಯ ಸಮಯ ನೋಡಿದರೆ ಸಿಗುವುದು ಬೇರೆಯೇ ಸಂಖ್ಯೆ. ಬಹಳ ಜನ ಎಡವುವುದು ಇಲ್ಲೇ.

ಉತ್ತರ ಸಾಮಾನ್ಯವಾಗಿ ಒಂದು ಸಂಖ್ಯೆಯಾಗಿ ಬರದೆ, 35ರಿಂದ 50 ನಿಮಿಷ ಎಂಬ ವ್ಯಾಪ್ತಿಯಾಗಿ ಬರುತ್ತದೆ. ಕಾರ್ಯಕ್ರಮ ತಪ್ಪಬಾರದು ಎಂದಾದರೆ ದೊಡ್ಡ ಸಂಖ್ಯೆಯನ್ನೇ ಹಿಡಿಯಿರಿ. ಸರಾಸರಿ ತೆಗೆದುಕೊಂಡರೆ ಎಷ್ಟೋ ದಿನ ತಡವಾಗುವುದಕ್ಕೆ ನೀವೇ ಒಪ್ಪಿಕೊಂಡಂತೆ. 50 ನಿಮಿಷ ಹಿಡಿದರೆ ಗಾಡಿ ಹೊರಡಬೇಕಾದದ್ದು 9:45ಕ್ಕೆ. ಬೀಗ ಹಾಕಿ, ಕೆಳಗಿಳಿದು, ಗಾಡಿ ತೆಗೆಯಲು ಇನ್ನೊಂದು 5 ನಿಮಿಷ. ಹಾಗಾಗಿ ಬಾಗಿಲಿನಿಂದ ಆಚೆ ಕಾಲಿಡುವ ಹೊತ್ತು 9:40.

ಈಗ ನೋಡಿ, 11:00ರ ಕಾರ್ಯಕ್ರಮಕ್ಕೆ ‘1 ಗಂಟೆ ಮೊದಲು’ ಎಂದು ಅಲರ್ಟ್ ಇಟ್ಟಿದ್ದರೆ ಅದು 10:00ಕ್ಕೆ ಬರುತ್ತಿತ್ತು. ಮುಂಜಾಗ್ರತೆ ಎನಿಸುವ ಆ ಒಂದು ಗಂಟೆ ಇಲ್ಲಿ 20 ನಿಮಿಷ ತಡ.

ಒಂದೊಂದು ಅಲರ್ಟಿಗೂ ಒಂದೊಂದು ಕೆಲಸ

ಅಲರ್ಟ್ ಜಾಸ್ತಿ ಆದಷ್ಟೂ ಒಳ್ಳೆಯದು ಎನ್ನುವುದು ನಿಜವಲ್ಲ. 60, 45, 30, 15, 5 ನಿಮಿಷ ಎಂದು ಸಾಲಾಗಿ ಐದು ಇಟ್ಟರೆ ಮೂರನೆಯದರ ಹೊತ್ತಿಗೆ ಬೆರಳು ತಾನಾಗಿಯೇ ಅದನ್ನು ಪಕ್ಕಕ್ಕೆ ಸರಿಸುವುದನ್ನು ಕಲಿತಿರುತ್ತದೆ. ಆ ಅಲರ್ಟ್ ಬಂದಾಗ ಎದ್ದು ಮಾಡಬೇಕಾದ ಕೆಲಸ ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಆ ಅಲರ್ಟ್ ಬೇಡ.

ನಮ್ಮ ಉದಾಹರಣೆಯಲ್ಲಿ ಕೆಲಸಗಳು ಮೂರೇ. ಹಿಂದಿನ ರಾತ್ರಿ 8:00ಕ್ಕೆ ಬೇಗ ಊಟ ಮುಗಿಸಿ ರಿಪೋರ್ಟ್‌ಗಳನ್ನು ಚೀಲಕ್ಕೆ ಹಾಕಬೇಕು. ಬೆಳಿಗ್ಗೆ 9:00ಕ್ಕೆ ಕೈಲಿರುವ ಕೆಲಸ ಬಿಟ್ಟು ತಯಾರಾಗಬೇಕು. 9:40ಕ್ಕೆ ಹೊರಡಬೇಕು. ಇವನ್ನು 11:00ರಿಂದ ಹಿಂದಕ್ಕೆ ಎಣಿಸಿದರೆ ಕ್ರಮವಾಗಿ 15 ಗಂಟೆ, 2 ಗಂಟೆ ಮತ್ತು 80 ನಿಮಿಷ.

ಗೂಗಲ್ ಕ್ಯಾಲೆಂಡರ್‌ನಲ್ಲಿ

ಇಲ್ಲಿ ಒಂದು ಕಾರ್ಯಕ್ರಮಕ್ಕೆ ಗರಿಷ್ಠ 5 ನೋಟಿಫಿಕೇಶನ್ ಇಡಬಹುದು. ಹೆಚ್ಚೆಂದರೆ 4 ವಾರ ಮೊದಲಿನದನ್ನೂ ಇಡಬಹುದು. ಆ್ಯಪ್‌ನಲ್ಲಿ ಕಾರ್ಯಕ್ರಮ ತೆರೆದು ಪೆನ್ಸಿಲ್ ಗುರುತು ಒತ್ತಿ, ಗಂಟೆಯ ಗುರುತಿನ ಬಳಿ ಇರುವ Add notification ಒತ್ತಿ. ಸಿದ್ಧ ಪಟ್ಟಿಯಲ್ಲಿ 80 ನಿಮಿಷ ಸಿಗುವುದಿಲ್ಲ. ಕೆಳಗಿನ Custom ಆರಿಸಿ 80 ಎಂದು ಟೈಪ್ ಮಾಡಿ, ಮಾನವನ್ನು ನಿಮಿಷಕ್ಕೇ ಬಿಡಿ. ಮತ್ತೆ Add notification ಒತ್ತಿ 2 ಗಂಟೆ, ಮತ್ತೊಮ್ಮೆ ಒತ್ತಿ 15 ಗಂಟೆ. ತಾನಾಗಿಯೇ ಕೂತಿರುವ 30 ನಿಮಿಷದ್ದನ್ನು ತೆಗೆದುಹಾಕಿ. 10:30ಕ್ಕೆ ನೀವು ಗಾಡಿ ಓಡಿಸುತ್ತಿರುತ್ತೀರಿ, ಆಗ ಫೋನ್ ಗುಂಯ್‌ಗುಡುವುದರಿಂದ ಯಾರಿಗೂ ಲಾಭವಿಲ್ಲ. ಕೊನೆಗೆ Save.

ಒಂದು ಸಣ್ಣ ವಿಷಯ. ಈ ನೋಟಿಫಿಕೇಶನ್‌ಗಳು ನಿಮ್ಮವು ಮಾತ್ರ. ಅದೇ ಕಾರ್ಯಕ್ರಮಕ್ಕೆ ಮನೆಯವರನ್ನು ಆಹ್ವಾನಿಸಿದ್ದರೆ ನೀವು ಇಟ್ಟ 80 ನಿಮಿಷ ಅವರ ಫೋನಿಗೆ ಹೋಗುವುದಿಲ್ಲ. ಅವರಲ್ಲಿ ಅವರವರ ಸೆಟ್ಟಿಂಗ್ ಪ್ರಕಾರವೇ ಬರುತ್ತದೆ. ಜೊತೆಗೆ ಹೊರಡಬೇಕಾದವರು ತಮ್ಮ ಫೋನಿನಲ್ಲಿ ತಾವೇ ಇಟ್ಟುಕೊಳ್ಳಬೇಕು.

ಇಷ್ಟರಿಂದ ಸ್ಥಿರ ಅಲರ್ಟ್‌ಗಳ ಕೆಲಸ ಮುಗಿಯಿತು. ಟ್ರಾಫಿಕ್ ನೋಡಿ ಎಚ್ಚರಿಸುವ ಸೂಚನೆಯೂ ಬೇಕೆಂದರೆ ವೇಜ್ ಆ್ಯಪ್‌ನಲ್ಲಿ ಪ್ರಯಾಣವನ್ನು ಮೊದಲೇ ಯೋಜಿಸಿಡುವ ಸೌಲಭ್ಯವಿದೆ. ತಲುಪಬೇಕಾದ ಸಮಯ ಕೊಟ್ಟರೆ ಆ ದಿನದ ದಟ್ಟಣೆ ನೋಡಿ ಹೊರಡುವ ಹೊತ್ತಿಗೆ ನೋಟಿಫಿಕೇಶನ್ ಕಳಿಸುತ್ತದೆ. ಅಲ್ಲಿ ತಲುಪುವ ಸಮಯವಾಗಿ 11:00 ಕೊಡಬೇಡಿ, 10:35 ಕೊಡಿ. ಕಾರಣ ಮೇಲೆಯೇ ಹೇಳಿದ್ದು. ರಸ್ತೆ ಮುಗಿಯುವುದು ಪಾರ್ಕಿಂಗ್‌ನಲ್ಲಿ, ಡಾಕ್ಟರ ಕೋಣೆಯಲ್ಲಲ್ಲ.

ಐಫೋನ್‌ನಲ್ಲಿ

ಆ್ಯಪಲ್‌ನ ಕ್ಯಾಲೆಂಡರ್‌ನಲ್ಲಿ ‘ಹೊರಡುವ ಹೊತ್ತು’ ಒಳಗೇ ಸೇರಿಕೊಂಡಿದೆ, ಆದರೆ ಅದರ ಸ್ವಿಚ್ ಇರುವುದು ಸ್ವಲ್ಪ ಅಡಗಿದ ಜಾಗದಲ್ಲಿ. Settings ತೆರೆದು Apps, ಅದರೊಳಗೆ Calendar, ಅದರೊಳಗೆ Default Alert Times ಎಂದು ಹೋಗಿ. ಐಓಎಸ್ 18ಕ್ಕಿಂತ ಹಳೆಯದಾದರೆ Settings ನಲ್ಲಿ ನೇರವಾಗಿ Calendar ಸಿಗುತ್ತದೆ. ಅಲ್ಲಿರುವ Time to Leave ಆನ್ ಆಗಿರಲಿ. ಹಾಗೆಯೇ Privacy & Security ಯೊಳಗಿನ Location Services ನಲ್ಲಿ ಕ್ಯಾಲೆಂಡರ್‌ಗೆ ಲೊಕೇಶನ್ ಅನುಮತಿ ಇದೆಯೇ ನೋಡಿ. ನೀವು ಎಲ್ಲಿದ್ದೀರೆಂದು ತಿಳಿಯದೆ ಅದು ದಾರಿಯ ಸಮಯ ಹೇಳಲಾರದು.

ಈಗ ಕಾರ್ಯಕ್ರಮ ಸೇರಿಸಿ. ಇಲ್ಲಿ ಒಂದು ಚಿಕ್ಕ ಉಪಾಯ ಮಾಡಬೇಕು. ಆರಂಭದ ಸಮಯವಾಗಿ 11:00ರ ಬದಲು 10:35 ಕೊಡಿ, ನಿಜವಾದ ಸಮಯವನ್ನು ಹೆಸರಿನಲ್ಲೇ ಬರೆಯಿರಿ: ‘11:00 ಡಾಕ್ಟರ್, 10:45ಕ್ಕೆ ನೋಂದಣಿ’. Time to Leave ಯಾವಾಗಲೂ ಆರಂಭದ ಸಮಯಕ್ಕೆ ಸ್ಥಳ ತಲುಪುವಂತೆ ಲೆಕ್ಕ ಹಾಕುತ್ತದೆ. 11:00 ಕೊಟ್ಟರೆ ನಿಮ್ಮನ್ನು 11:00ಕ್ಕೆ ಗೇಟಿನ ಮುಂದೆ ತಂದು ನಿಲ್ಲಿಸುವ ಹಾಗೆ ಎಬ್ಬಿಸುತ್ತದೆ. ಕ್ಯಾಲೆಂಡರ್‌ನಲ್ಲಿ ‘ಸುಳ್ಳು’ ಸಮಯ ಬರೆಯುವುದು ಕೆಲವರಿಗೆ ಇಷ್ಟವಾಗುವುದಿಲ್ಲ, ಆದರೆ ಪಾರ್ಕಿಂಗ್ ಮತ್ತು ನೋಂದಣಿಯ 25 ನಿಮಿಷವನ್ನು ಈ ಸೂಚನೆಗೆ ತಿಳಿಸಲು ಇದಕ್ಕಿಂತ ಸರಳ ದಾರಿ ಇಲ್ಲ.

ಮುಂದಿನದು Location. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಸಾಲಿನ ಮೇಲೆ. ಹೆಸರು ಟೈಪ್ ಮಾಡುತ್ತಿದ್ದಂತೆ ಕೆಳಗೆ ವಿಳಾಸಗಳ ಪಟ್ಟಿ ಮೂಡುತ್ತದೆ. ಅದರಿಂದಲೇ ಒಂದನ್ನು ಆರಿಸಬೇಕು. ಬರೀ ‘ಆಸ್ಪತ್ರೆ’ ಎಂದು ಬರೆದು ಮುಂದೆ ಹೋದರೆ ಅದು ಕೇವಲ ಅಕ್ಷರಗಳು, ನಕ್ಷೆಯ ಮೇಲಿನ ಜಾಗವಲ್ಲ. ‘2ನೇ ಮಹಡಿ, ಕೊಠಡಿ 14’ ಎಂಬುದನ್ನೂ ಇಲ್ಲಿ ಸೇರಿಸಬೇಡಿ, ಅದು Notes ಗೆ ಹೋಗಲಿ. ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. ಉಳಿಸಿದ ಮೇಲೆ ಕಾರ್ಯಕ್ರಮವನ್ನು ತೆರೆದು ನೋಡಿ. ವಿಳಾಸದ ಜೊತೆ ಚಿಕ್ಕ ನಕ್ಷೆ ಕಂಡರೆ ಫೋನಿಗೆ ಜಾಗ ಅರ್ಥವಾಗಿದೆ. ಬರೀ ಬರಹ ಕಂಡರೆ ಆಗಿಲ್ಲ, ‘ಈಗ ಹೊರಡಿ’ ಸೂಚನೆಯೂ ಬರುವುದಿಲ್ಲ. ದೊಡ್ಡ ಆವರಣವಾದರೆ ನಕ್ಷೆಯ ಪಿನ್ ಯಾವ ಗೇಟಿನ ಮೇಲೆ ಕೂತಿದೆ ಎಂದೂ ನೋಡಿಕೊಳ್ಳಿ. ಹಿಂದಿನ ಗೇಟಿಗೆ ದಾರಿ ಹಾಕಿಕೊಟ್ಟು ಹತ್ತು ನಿಮಿಷ ಸುತ್ತಿಸುವುದು ಅಪರೂಪವೇನಲ್ಲ.

ಆಮೇಲೆ Travel Time ಆನ್ ಮಾಡಿ. ಇದು ಸ್ಥಿರ ಅವಧಿ, ಟ್ರಾಫಿಕ್ ಹೆಚ್ಚಿದರೂ ತಗ್ಗಿದರೂ ಬದಲಾಗುವುದಿಲ್ಲ. Starting Location ಕೊಟ್ಟರೆ ಅಲ್ಲಿಂದ ಆಗುವ ಸಮಯವನ್ನು ತೋರಿಸುತ್ತದೆ, ಬೇಡವೆಂದರೆ ಪಟ್ಟಿಯಿಂದ ನೇರವಾಗಿ ಒಂದು ಅವಧಿ ಆರಿಸಬಹುದು. ನಮಗೆ ಗಾಡಿ ತೆಗೆಯುವುದೂ ಸೇರಿ 55 ನಿಮಿಷ ಬೇಕು, ಆದ್ದರಿಂದ 1 ಗಂಟೆ ಆರಿಸೋಣ. ಕ್ಯಾಲೆಂಡರ್‌ನಲ್ಲಿ 9:35ರಿಂದ 10:35ರವರೆಗಿನ ಜಾಗವೂ ಈ ಕಾರ್ಯಕ್ರಮಕ್ಕೆ ಸೇರಿದ್ದೆಂದು ಕಾಣುತ್ತದೆ. ಆ ಹೊತ್ತಿಗೆ ಬೇರೆ ಮೀಟಿಂಗ್ ಒಪ್ಪಿಕೊಳ್ಳದಿರಲು ಇದೊಂದು ಉಪಕಾರ.

ಈ Travel Time ಇಟ್ಟ ಕೂಡಲೇ Alert ನ ಅರ್ಥ ಬದಲಾಗುತ್ತದೆ. ಹಲವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಅಲ್ಲಿಯವರೆಗೆ ಅಲರ್ಟ್‌ಗಳನ್ನು ಕಾರ್ಯಕ್ರಮದ ಆರಂಭದಿಂದ ಎಣಿಸುತ್ತಿದ್ದರೆ, ಈಗ ಪ್ರಯಾಣದ ಆರಂಭದಿಂದ ಎಣಿಸುತ್ತದೆ. ಪಟ್ಟಿಯಲ್ಲಿ At start of travel time, 30 minutes before travel time ಎಂದು ಬರೆದಿರುವುದು ಅದಕ್ಕೇ. ಇದನ್ನು ಗಮನಿಸದೆ, ದಾರಿಯ ಸಮಯವನ್ನೂ ಲೆಕ್ಕಕ್ಕೆ ಹಿಡಿದು ‘2 ಗಂಟೆ ಮೊದಲು’ ಎಂದು ಇಟ್ಟರೆ ಪ್ರಯಾಣದ ಒಂದು ಗಂಟೆಯನ್ನು ಎರಡು ಸಲ ಕಳೆದಂತಾಗಿ, ಫೋನ್ 7:35ಕ್ಕೇ ಕೂಗುತ್ತದೆ. ಅಷ್ಟು ಬೇಗ ಬಂದದ್ದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ Alert ನಲ್ಲಿ 30 minutes before travel time ಆರಿಸಿ. ಅದು 9:05ಕ್ಕೆ ಬಂದು ತಯಾರಾಗಲು ಹೇಳುತ್ತದೆ. ಅದನ್ನು ಆರಿಸಿದ ಮೇಲಷ್ಟೇ ಕೆಳಗೆ Second Alert ಕಾಣಿಸುತ್ತದೆ. ಅಲ್ಲಿ At start of travel time ಇಡಿ. ಅದು 9:35ಕ್ಕೆ, ಎದ್ದು ಹೊರಡಲು. ಐಫೋನ್‌ನಲ್ಲಿ ಹೀಗೆ ಕೈಯಾರೆ ಇಡಬಹುದಾದದ್ದು ಎರಡೇ. ಮೂರನೆಯದು ಬೇಕಿದ್ದರೆ, ಮ್ಯಾಕ್ ಇರುವವರು ಅದೇ ಐಕ್ಲೌಡ್ ಕಾರ್ಯಕ್ರಮವನ್ನು ಅಲ್ಲಿ ತೆರೆದು ಅಲರ್ಟ್ ಪಕ್ಕದ + ಒತ್ತಿ ಸೇರಿಸಬಹುದು. ಇಲ್ಲದವರು ಹಿಂದಿನ ರಾತ್ರಿಗೆ ಬೇರೆಯದೇ ಕಾರ್ಯಕ್ರಮ ಮಾಡುವುದು ಉತ್ತಮ: ಸೋಮವಾರ ರಾತ್ರಿ 8:00, ‘ಊಟ ಬೇಗ, ರಿಪೋರ್ಟ್ ಚೀಲಕ್ಕೆ’, ಅಲರ್ಟ್ At time of event. ಇದರಲ್ಲಿ ಇನ್ನೊಂದು ಅನುಕೂಲವಿದೆ. ನೋಟಿಫಿಕೇಶನ್‌ನಲ್ಲಿ ‘ಡಾಕ್ಟರ್’ ಎಂದಷ್ಟೇ ಬರುವ ಬದಲು ಆ ಹೊತ್ತಿಗೆ ಮಾಡಬೇಕಾದ ಕೆಲಸವೇ ಕಣ್ಣಿಗೆ ಬೀಳುತ್ತದೆ.

ಆಫೀಸಿನ ಎಕ್ಸ್‌ಚೇಂಜ್ ಖಾತೆಯ ಕ್ಯಾಲೆಂಡರ್‌ನಲ್ಲಿ ಒಂದು ಕಾರ್ಯಕ್ರಮಕ್ಕೆ ಒಂದೇ ರಿಮೈಂಡರ್‌ಗೆ ಜಾಗ. ಅಲ್ಲಿ Second Alert ಹುಡುಕಿ ಸಿಗಲಿಲ್ಲವೆಂದು ಫೋನನ್ನು ಬೈಯಬೇಡಿ. ಸ್ವಂತದ ಅಪಾಯಿಂಟ್‌ಮೆಂಟ್‌ಗಳನ್ನು ಐಕ್ಲೌಡ್ ಕ್ಯಾಲೆಂಡರ್‌ಗೆ ಹಾಕಿ.

ಎರಡೂ ಸೇರಿ ಬೆಳಿಗ್ಗೆ ಏನಾಗುತ್ತದೆ

ರಸ್ತೆ ಹಗುರವಾಗಿ 35 ನಿಮಿಷ ಸಾಕಾಗುವ ದಿನ, ಸ್ಥಿರ ಅಲರ್ಟ್ 9:35ಕ್ಕೆ ಬರುತ್ತದೆ, ‘ಈಗ ಹೊರಡಿ’ ಸೂಚನೆ 10:00ರ ಆಸುಪಾಸಿಗೆ. ಆ ದಿನ ಬೇಗ ಹೊರಟರೆ ಆಗುವ ನಷ್ಟ ಕಾಯುವ ಕೋಣೆಯಲ್ಲಿ ಇಪ್ಪತ್ತು ನಿಮಿಷ, ಅಷ್ಟೇ.

ಮಳೆ ಬಂದು, ದಾರಿ ಕಟ್ಟಿಕೊಂಡು 70 ನಿಮಿಷ ಬೇಕಾದ ದಿನವೇ ಬೇರೆ. 10:35ಕ್ಕೆ ತಲುಪಲು 9:25ಕ್ಕೇ ಗಾಡಿ ಹೊರಡಬೇಕು. ನಿಮ್ಮ ಸ್ಥಿರ ಅಲರ್ಟ್ ಬರುವಷ್ಟರಲ್ಲಿ 10 ನಿಮಿಷ ತಡವಾಗಿರುತ್ತದೆ. ಟ್ರಾಫಿಕ್ ನೋಡುವ ಸೂಚನೆ ತನ್ನ ಬೆಲೆ ತೋರಿಸುವುದು ಇಂಥ ದಿನ, ಅದು ಸ್ಥಿರ ಅಲರ್ಟಿಗಿಂತ ಮೊದಲೇ ಬರುತ್ತದೆ. ಇದರಿಂದ ಬಳಕೆಯ ನಿಯಮವೂ ಸಿಗುತ್ತದೆ: ಎರಡರಲ್ಲಿ ಯಾವುದು ಮೊದಲು ಬಂತೋ ಅದಕ್ಕೆ ಏಳುವುದು. ‘ಇನ್ನೂ 10:00ರವರೆಗೆ ಸಮಯವಿದೆ ಎಂದು ತೋರಿಸುತ್ತಿದೆ’ ಎಂದು ಕೂರುವುದು ಅಪಾಯ. ಸೂಚನೆ ಲೆಕ್ಕ ಹಾಕಿರುವುದು ಆ ಕ್ಷಣದಲ್ಲಿ ಗೊತ್ತಿರುವ ದಟ್ಟಣೆಯ ಮೇಲೆ, ನೀವು ಅರ್ಧ ದಾರಿಗೆ ಬಂದಾಗ ಆಗುವ ಅಡಚಣೆ ಅದರಲ್ಲಿಲ್ಲ.

ತಯಾರಾಗುವ ಅಲರ್ಟ್ 9:05ಕ್ಕೇ ಇರಬೇಕಾದದ್ದೂ ಇದೇ ಕಾರಣಕ್ಕೆ. ಇದ್ದಕ್ಕಿದ್ದಂತೆ 9:20ಕ್ಕೆ ‘ಹೊರಡಿ’ ಎಂದು ಬಂದಾಗ ನೀವು ಸ್ನಾನದ ಮನೆಯಲ್ಲಿದ್ದರೆ ಆ ಜಾಣ ಸೂಚನೆ ವ್ಯರ್ಥ.

ಬರದಿದ್ದರೆ

ಮುಖ್ಯವಾದ ದಿನಕ್ಕೆ ಮೊದಲು ಒಮ್ಮೆ ಪರೀಕ್ಷಿಸಿ. ಇಪ್ಪತ್ತು ನಿಮಿಷ ದೂರದ ಯಾವುದಾದರೂ ಜಾಗದ ವಿಳಾಸ ಹಾಕಿ, ಇನ್ನು ಒಂದೂವರೆ ಗಂಟೆಗೆ ಶುರುವಾಗುವ ಒಂದು ಹುಸಿ ಕಾರ್ಯಕ್ರಮ ಮಾಡಿ, ಅದಕ್ಕೊಂದು ಸ್ಥಿರ ಅಲರ್ಟನ್ನೂ ಇಡಿ. ಏನು ಬಂತು, ಏನು ಬರಲಿಲ್ಲ ಎನ್ನುವುದೇ ದೋಷ ಎಲ್ಲಿದೆ ಎಂದು ಹೇಳುತ್ತದೆ.

ಸ್ಥಿರ ಅಲರ್ಟ್ ಬಂದು, ‘ಹೊರಡಿ’ ಎನ್ನುವುದು ಬರಲಿಲ್ಲವೆಂದರೆ ನೋಟಿಫಿಕೇಶನ್ ವ್ಯವಸ್ಥೆ ಸರಿಯಿದೆ, ತೊಡಕು ಸ್ಥಳದ್ದು. ವಿಳಾಸಕ್ಕೆ ನಕ್ಷೆ ಕಾಣುತ್ತಿದೆಯೇ, ಲೊಕೇಶನ್ ಅನುಮತಿ ಇದೆಯೇ, ಆ ಹೊತ್ತಿನಲ್ಲಿ ಫೋನಿಗೆ ಇಂಟರ್ನೆಟ್ ಸಿಗುತ್ತಿತ್ತೇ, ಈ ಮೂರನ್ನು ನೋಡಿ. ನೆಲಮಾಳಿಗೆಯ ಆಫೀಸಿನಲ್ಲಿ ಸಿಗ್ನಲ್ ಇಲ್ಲದೆ ಕೂತಿದ್ದರೆ ಟ್ರಾಫಿಕ್ ಲೆಕ್ಕ ನಡೆಯುವುದೇ ಇಲ್ಲ. ಸ್ಥಿರ ಅಲರ್ಟಿಗೆ ಆ ಹಂಗಿಲ್ಲ.

ಎರಡೂ ಬರಲಿಲ್ಲವೆಂದರೆ ಕ್ಯಾಲೆಂಡರ್‌ನ ನೋಟಿಫಿಕೇಶನ್‌ಗಳೇ ಮುಚ್ಚಿವೆ, ಇಲ್ಲವೇ ಫೋಕಸ್ ಮೋಡ್ ತಡೆದಿದೆ. ಐಫೋನ್‌ನಲ್ಲಿ Settings ನ Focus ಗೆ ಹೋಗಿ, ಬಳಸುವ ಮೋಡ್ ತೆರೆದು, Apps ಒಳಗೆ Time Sensitive Notifications ಆನ್ ಮಾಡಿ. ಕೆಲಸದ ವೇಳೆಗೆ ತಾನಾಗಿಯೇ ಆನ್ ಆಗುವ ಮೋಡ್ ಇಟ್ಟುಕೊಂಡವರು ಅದನ್ನು ಮರೆತೇ ಬಿಟ್ಟಿರುತ್ತಾರೆ. ಆಂಡ್ರಾಯ್ಡ್ 13ರಿಂದ ಈಚೆಗೆ ಪ್ರತಿ ಆ್ಯಪ್ ನೋಟಿಫಿಕೇಶನ್‌ಗೆ ಅನುಮತಿ ಕೇಳುತ್ತದೆ. ಹೊಸ ಫೋನಿನಲ್ಲಿ ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಕ್ಯಾಲೆಂಡರ್ ಒಳಗೆ ಐದು ಅಲರ್ಟ್ ಇದ್ದರೂ ಒಂದೂ ಹೊರಬರುವುದಿಲ್ಲ.

ಬಂತು, ಆದರೆ ತಡವಾಗಿ ಬಂತು, ಫೋನ್ ಕೈಗೆತ್ತಿಕೊಂಡಾಗಲೇ ಬಂತು ಎಂದರೆ ಅದು ಬಹುಪಾಲು ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯದ ಕೆಲಸ. ಪರದೆ ಆರಿ, ಮೇಜಿನ ಮೇಲೆ ಅಲ್ಲಾಡದೆ ಬಿದ್ದಿರುವ ಫೋನ್ ಆ್ಯಪ್‌ಗಳನ್ನು ಮಲಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಬ್ಯಾಟರಿ ಬಳಕೆಯನ್ನು Unrestricted ಮಾಡಿ. ಇದನ್ನು ಕ್ಯಾಲೆಂಡರ್ ಮತ್ತು ದಾರಿ ಹೇಳುವ ಆ್ಯಪ್‌ಗೆ ಮಾತ್ರ ಮಾಡಿ, ಎಲ್ಲದಕ್ಕೂ ಮಾಡಿದರೆ ಬ್ಯಾಟರಿ ಸಂಜೆಯವರೆಗೆ ಬರುವುದಿಲ್ಲ.

ಕೊನೆಯದು, ಅಪಾಯಿಂಟ್‌ಮೆಂಟ್ ಮುಂದೆ ಹೋದಾಗಿನ ವಿಷಯ. ಕಾರ್ಯಕ್ರಮದ ಸಮಯ ಬದಲಿಸಿದರೆ ಅದಕ್ಕೆ ಅಂಟಿದ ಅಲರ್ಟ್‌ಗಳು, Travel Time ಎಲ್ಲವೂ ಜೊತೆಗೇ ಸರಿಯುತ್ತವೆ. ಹಿಂದಿನ ರಾತ್ರಿಗೆಂದು ಬೇರೆಯಾಗಿ ಮಾಡಿದ ಕಾರ್ಯಕ್ರಮ ಮಾತ್ರ ಇದ್ದಲ್ಲೇ ಇರುತ್ತದೆ, ಅದನ್ನು ಕೈಯಾರೆ ಸರಿಸಬೇಕು. ಗೂಗಲ್‌ನಲ್ಲಿ 15 ಗಂಟೆ ಎಂದು ಇಟ್ಟದ್ದು ಸರಿಯುತ್ತದೆ ನಿಜ, ಆದರೆ 11:00ರ ಭೇಟಿ ಸಂಜೆ 5:00ಕ್ಕೆ ಹೋದರೆ ಆ ಅಲರ್ಟ್ ಬರುವುದು ನಡುರಾತ್ರಿ 2:00ಕ್ಕೆ. ದಾರಿಯ ಸಮಯವನ್ನೂ ಹೊಸ ಹೊತ್ತಿಗೆ Arrive by ಕೊಟ್ಟು ಮತ್ತೆ ನೋಡಿ. ಬೆಳಿಗ್ಗೆಯ 50 ನಿಮಿಷ ಸಂಜೆಗೂ 50 ಆಗಿರಬೇಕೆಂದಿಲ್ಲ.